ಆಲಿಕೆ, ಡಮರು, ಮೃದಂಗ: ಉಳಿಕೆಗಳ ಹರವು ಸಮ ಇಲ್ಲದಾಗ ಯಾವ ಟೆಸ್ಟ್, ಯಾವ ಸ್ಟ್ಯಾಂಡರ್ಡ್ ಎರರ್?

ರಿಗ್ರೆಷನ್ ಔಟ್‌ಪುಟ್ ಬಂದ ತಕ್ಷಣ ಎಲ್ಲರ ಕಣ್ಣೂ ಮೊದಲು ಹೋಗುವುದು ಪಿ ಮೌಲ್ಯದ ಕಡೆಗೆ. ಅದು ಹುಟ್ಟುವುದು ಸ್ಟ್ಯಾಂಡರ್ಡ್ ಎರರ್‌ನಿಂದ. ಆ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕುವಾಗ ಸಾಫ್ಟ್‌ವೇರ್ ನಮ್ಮನ್ನು ಕೇಳದೆಯೇ ಒಂದು ಮಾತು ಒಪ್ಪಿಕೊಂಡಿರುತ್ತದೆ. ಗೆರೆಯ ಸುತ್ತ ಬಿಂದುಗಳು ಎಲ್ಲ ಕಡೆಯೂ ಒಂದೇ ಅಗಲಕ್ಕೆ ಹರಡಿವೆ ಎನ್ನುವುದೇ ಆ ಮಾತು. ಅದು ಸುಳ್ಳಾದರೆ ಅದಕ್ಕೆ ಹೆಟೆರೊಸ್ಕೆಡಾಸ್ಟಿಸಿಟಿ ಎಂದು ಹೆಸರು. ಹೆಸರು ಬಾಯಿಗೆ ಸುಲಭಕ್ಕೆ ಬರುವುದಿಲ್ಲ, ಹಾಗಾಗಿ ಇಲ್ಲಿ ನಾನು 'ಅಸಮ ಹರವು' ಎನ್ನುತ್ತೇನೆ.

ಹರವು ಅಸಮವಾಗಿದ್ದರೂ ಗೆರೆಗೆ ಏನೂ ಆಗುವುದಿಲ್ಲ. ಮಾದರಿ ಸರಿ ಇದ್ದರೆ ಸ್ಲೋಪ್ ಸರಾಸರಿಯಲ್ಲಿ ಸರಿಯಾದ ಜಾಗಕ್ಕೇ ಬರುತ್ತದೆ. ಕೆಡುವುದು 'ಆ ಸ್ಲೋಪನ್ನು ಎಷ್ಟು ನಂಬಬಹುದು' ಎಂದು ಹೇಳುವ ಅಂಕಿ. ಇದಕ್ಕೆ ಹೆಚ್ಚಿನವರು ಕಲಿತಿರುವ ದಾರಿ ಇದು: ಹರವು ಅಸಮವೇ ಎಂದು ನೋಡುವ ಬ್ರೂಷ್–ಪೇಗನ್ ಟೆಸ್ಟ್ ಮಾಡು, ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಅಸಮ ಹರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಹಾಕು, ಇಲ್ಲದಿದ್ದರೆ ಮಾಮೂಲಿಯದ್ದನ್ನೇ ಇಟ್ಟುಕೋ. ನಾನೂ ಬಹಳ ದಿನ ಹೀಗೇ ಮಾಡಿದ್ದೆ. ಈ ದಾರಿಯ ತೊಡಕು ಏನೆಂದರೆ, ಟೆಸ್ಟ್ ಉತ್ತರಿಸುವ ಪ್ರಶ್ನೆಯೇ ಬೇರೆ, ನಮಗೆ ಬೇಕಾದ ಪ್ರಶ್ನೆಯೇ ಬೇರೆ. ಅದನ್ನು ಕೈಲೆಕ್ಕದಲ್ಲೇ ತೋರಿಸಲು ಒಂದು ಸಣ್ಣ ಡೇಟಾ ಮಾಡಿಕೊಂಡಿದ್ದೇನೆ.

ಇಪ್ಪತ್ತು ಸುತ್ತು, ಮೂರು ಆಕಾರ

ಪಾರ್ಸೆಲ್ ತಲುಪಿಸುವವರು ಒಬ್ಬರಿದ್ದಾರೆ ಎಂದುಕೊಳ್ಳಿ. 1, 2, 3, 4, 5 ಕಿಲೋಮೀಟರ್ ದೂರಕ್ಕೆ ತಲಾ ನಾಲ್ಕು ಸುತ್ತು ಹೋಗಿದ್ದಾರೆ, ಒಟ್ಟು 20. x ದೂರ, y ತಗುಲಿದ ನಿಮಿಷ. ರಿಗ್ರೆಷನ್ ಕೊಟ್ಟ ಗೆರೆ `y = 10 + 2.5x`. ಅಂದರೆ ಒಂದೊಂದು ಕಿಲೋಮೀಟರಿಗೂ ಎರಡೂವರೆ ನಿಮಿಷ ಹೆಚ್ಚು.

ಇನ್ನು ಉಳಿಕೆಗಳು, ಅಂದರೆ ಗೆರೆ ಹೇಳಿದ್ದಕ್ಕೂ ನಿಜವಾಗಿ ತಗುಲಿದ್ದಕ್ಕೂ ಇರುವ ವ್ಯತ್ಯಾಸ. ಪ್ರತಿ ದೂರದಲ್ಲೂ ನಾಲ್ಕು ಉಳಿಕೆಗಳು +1, −1, +2, −2 ಎಂಬ ಒಂದೇ ನಮೂನೆಯಲ್ಲಿವೆ. ಆ ನಮೂನೆಯನ್ನು ಒಂದು ಅಳತೆಯಿಂದ ಗುಣಿಸಿದ್ದೇನೆ. ಅಳತೆಗಳು 1, 2, 3, 4, 5. ಯಾವ ಅಳತೆ ಯಾವ ದೂರಕ್ಕೆ ಹೋಗುತ್ತದೆ ಎನ್ನುವುದನ್ನು ಮಾತ್ರ ಮೂರು ಥರ ಬದಲಿಸಿದ್ದೇನೆ.

ಮೊದಲನೆಯದು ಆಲಿಕೆ. ದೂರ ಹೆಚ್ಚಾದ ಹಾಗೆ ಹರವೂ ಹೆಚ್ಚು, ಅಳತೆಗಳು 1, 2, 3, 4, 5. ಪುಸ್ತಕಗಳಲ್ಲಿ ಎಲ್ಲ ಕಡೆ ಕಾಣುವ ಚಿತ್ರ ಇದೇ. ಎರಡನೆಯದು ಡಮರು. ಎರಡೂ ತುದಿ ಅಗಲ, ನಡು ಸಣ್ಣ, ಅಳತೆಗಳು 4, 2, 1, 3, 5. ಮೂರನೆಯದು ಮೃದಂಗ. ನಡು ಉಬ್ಬಿದೆ, ತುದಿಗಳು ಕಿರಿದು, ಅಳತೆಗಳು 1, 3, 5, 4, 2.

ಮೂರರಲ್ಲೂ ಗೆರೆ ಒಂದೇ. ಉಳಿಕೆಗಳ ವರ್ಗಗಳ ಮೊತ್ತವೂ ಒಂದೇ, 550. ಹಾಗಾಗಿ ಮಾಮೂಲಿ ಸ್ಟ್ಯಾಂಡರ್ಡ್ ಎರರ್ ಕೂಡ ಮೂರರಲ್ಲೂ ಒಂದೇ, 0.874. ಟಿ ಅಂಕಿ 2.86, ಪಿ ಮೌಲ್ಯ 0.010. ಹರವು ಎಷ್ಟಿದೆ ಎನ್ನುವುದು ಮಾಮೂಲಿ ಸೂತ್ರಕ್ಕೆ ಗೊತ್ತು, ಎಲ್ಲಿದೆ ಎನ್ನುವುದು ಗೊತ್ತಿಲ್ಲ.

ಎಲ್ಲಿದೆ ಎನ್ನುವುದು ಯಾಕೆ ಮುಖ್ಯ? ತಕ್ಕಡಿಯ ದಂಡ ನೆನೆಸಿಕೊಳ್ಳಿ. ದಂಡದ ನಡುವೆ ಎಷ್ಟು ಒತ್ತಿದರೂ ಅದು ವಾಲುವುದಿಲ್ಲ. ತುದಿಯಲ್ಲಿ ಬೆರಳಿಟ್ಟರೆ ಸಾಕು. ರಿಗ್ರೆಷನ್ ಗೆರೆಯೂ ಹಾಗೆಯೇ. ಸರಾಸರಿ ದೂರವಾದ 3 ಕಿಲೋಮೀಟರಿನಲ್ಲಿ ಸಮಯ ಎಷ್ಟು ಏರುಪೇರಾದರೂ ಸ್ಲೋಪ್ ಅಲುಗುವುದಿಲ್ಲ. 1 ಮತ್ತು 5ರಲ್ಲಿ ಏರುಪೇರಾದರೆ ಅಲುಗುತ್ತದೆ. ಸೂತ್ರಗಳನ್ನು ಪಕ್ಕಪಕ್ಕ ಇಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಇಲ್ಲಿ `d` ಎಂದರೆ x ತನ್ನ ಸರಾಸರಿಯಿಂದ ಎಷ್ಟು ದೂರ ಇದೆ ಎನ್ನುವುದು, `e` ಎಂದರೆ ಉಳಿಕೆ, `s²` ಎಂದರೆ ಉಳಿಕೆಗಳ ವರ್ಗಗಳ ಮೊತ್ತವನ್ನು ಸಾಲುಗಳ ಸಂಖ್ಯೆಗಿಂತ ಎರಡು ಕಡಿಮೆಯಾದ 18ರಿಂದ ಭಾಗಿಸಿದ್ದು.

```
ಮಾಮೂಲಿ ವೇರಿಯನ್ಸ್ :  s² / Σd²
HC0 ವೇರಿಯನ್ಸ್     :  Σ(d²·e²) / (Σd²)²
```

ಎರಡನೆಯ ಸಾಲು ರೋಬಸ್ಟ್ ಸೂತ್ರದ ಮೂಲ ರೂಪ. ಐಕರ್ 1960ರ ದಶಕದಲ್ಲಿ, ಹ್ಯೂಬರ್ 1967ರಲ್ಲಿ ಇದಕ್ಕೆ ತಳಹದಿ ಹಾಕಿದರು. 1980ರಲ್ಲಿ ವೈಟ್ ಬರೆದ ಪ್ರಬಂಧದಿಂದ ಇದು ಎಲ್ಲರ ಕೈಗೆ ಬಂತು. ಇಲ್ಲಿ ಪ್ರತಿ ಉಳಿಕೆಯೂ ತನ್ನ ಜಾಗದ ತೂಕ ಹೊತ್ತುಕೊಂಡು ಬರುತ್ತದೆ. ಆ ತೂಕ `d` ಅಲ್ಲ, `d²`. ಮುಂದಿನ ಮಾತೆಲ್ಲ ನಿಂತಿರುವುದು ಈ ಚಿಕ್ಕ 2ರ ಮೇಲೆ.

ನಮ್ಮ ಡೇಟಾದಲ್ಲಿ `Σd²` 40. ಆಲಿಕೆಯಲ್ಲಿ `Σ(d²·e²)` 1240 ಬರುತ್ತದೆ. ಅದನ್ನು 1600ರಿಂದ ಭಾಗಿಸಿದರೆ 0.775, ವರ್ಗಮೂಲ 0.88. ಮಾಮೂಲಿ 0.87, ರೋಬಸ್ಟ್ 0.88! ಪುಸ್ತಕದ ಆಲಿಕೆ ಸ್ಲೋಪಿನ ಸ್ಟ್ಯಾಂಡರ್ಡ್ ಎರರನ್ನು ಕೆಡಿಸಿಯೇ ಇಲ್ಲ. ಒಂದು ತುದಿಯಲ್ಲಿ ಹೆಚ್ಚಾದ ಹರವನ್ನು ಇನ್ನೊಂದು ತುದಿಯಲ್ಲಿ ಕಡಿಮೆಯಾದ ಹರವು ಹೆಚ್ಚುಕಡಿಮೆ ಸರಿತೂಗಿಸಿದೆ. ಡಮರುವಿನಲ್ಲಿ ಮೊತ್ತ 1770, ಸ್ಟ್ಯಾಂಡರ್ಡ್ ಎರರ್ 1.05. ಮೃದಂಗದಲ್ಲಿ 450, ಸ್ಟ್ಯಾಂಡರ್ಡ್ ಎರರ್ 0.53. ರೋಬಸ್ಟ್ ಅಂದರೆ ಯಾವಾಗಲೂ ದೊಡ್ಡದು ಎಂದು ತಿಳಿದವರು ಮೃದಂಗವನ್ನು ಒಮ್ಮೆ ನೋಡಬೇಕು.

ಒಂದು ಮಾತು ಸೇರಿಸಬೇಕು. ಆಲಿಕೆಯಲ್ಲಿ ಸ್ಲೋಪ್ ಪಾರಾಯಿತು, ಇಂಟರ್ಸೆಪ್ಟ್ ಪಾರಾಗಲಿಲ್ಲ. ಅದರ ಮಾಮೂಲಿ ಸ್ಟ್ಯಾಂಡರ್ಡ್ ಎರರ್ 2.90, HC0 ಪ್ರಕಾರ 1.96. x ಸೊನ್ನೆಯ ಹತ್ತಿರ ಹರವು ಸಣ್ಣದಾಗಿರುವುದು ಮಾಮೂಲಿ ಸೂತ್ರಕ್ಕೆ ಕಾಣಲಿಲ್ಲ. ಹಾಗೆಯೇ x ಒಂದೇ ಕಡೆ ವಾಲಿದ ಡೇಟಾದಲ್ಲಿ, ಉದಾಹರಣೆಗೆ ಹತ್ತಿರದ ಸುತ್ತುಗಳು ಬಹಳ, ದೂರದವು ಬೆರಳೆಣಿಕೆಯಷ್ಟು ಎಂದಾಗ, ಆಲಿಕೆ ಇಷ್ಟು ಸಾಧುವಾಗಿ ಇರುವುದಿಲ್ಲ. ಉದ್ದ ಬಾಲದ ತುದಿಯಲ್ಲಿ `d²` ದೊಡ್ಡದು, ಹರವೂ ದೊಡ್ಡದು, ಎರಡೂ ಸೇರಿ ಸ್ಲೋಪಿನ ಸ್ಟ್ಯಾಂಡರ್ಡ್ ಎರರ್ ಚೆನ್ನಾಗಿಯೇ ಬೆಳೆಯುತ್ತದೆ.

ಟೆಸ್ಟ್‌ಗಳು ಏನು ಹೇಳಿದವು?

ಬ್ರೂಷ್–ಪೇಗನ್ ಟೆಸ್ಟ್ 1979ರದ್ದು. ಮೊದಲು ಉಳಿಕೆಗಳನ್ನು ವರ್ಗ ಮಾಡಿ. ಆ ವರ್ಗಗಳನ್ನು y ಜಾಗದಲ್ಲಿಟ್ಟು x ಮೇಲೆ ಇನ್ನೊಂದು ರಿಗ್ರೆಷನ್ ಓಡಿಸಿ. ಆ ಎರಡನೆಯ ರಿಗ್ರೆಷನ್ನಿನ R² ತೆಗೆದುಕೊಂಡು n ಇಂದ ಗುಣಿಸಿ. ಬಂದ ಅಂಕಿಯನ್ನು ಕೈ-ಸ್ಕ್ವೇರ್ ಪಟ್ಟಿಯ ಜೊತೆ ಹೋಲಿಸಿ. n ಇಂದ ಗುಣಿಸುವ ಈ ರೂಪ ಕೋಂಕರ್ 1981ರಲ್ಲಿ ಮಾಡಿದ ತಿದ್ದುಪಡಿ.

ಆಲಿಕೆಯಲ್ಲಿ R² 0.4956, ಇಪ್ಪತ್ತರಿಂದ ಗುಣಿಸಿದರೆ 9.91, ಪಿ ಮೌಲ್ಯ 0.0016. ಟೆಸ್ಟ್ ಜೋರಾಗಿ ಕೂಗಿತು. ಡಮರುವಿನಲ್ಲಿ ಬಂದ ಅಂಕಿ 1.46, ಪಿ ಮೌಲ್ಯ 0.23. ಸುಮ್ಮನಿತ್ತು. ಮೃದಂಗದಲ್ಲಿ 0.47, ಪಿ ಮೌಲ್ಯ 0.50. ಅಲ್ಲೂ ಸುಮ್ಮನಿತ್ತು.

ಎಲ್ಲಿ ಸ್ಲೋಪಿಗೆ ತೊಂದರೆ ಇರಲಿಲ್ಲವೋ ಅಲ್ಲಿ ಕೂಗಿತು. ಎಲ್ಲಿ ಇತ್ತೋ ಆ ಎರಡೂ ಕಡೆ ಬಾಯಿ ಬಿಡಲಿಲ್ಲ. ಟೆಸ್ಟಿನ ತಪ್ಪಲ್ಲ ಇದು. 'x ಹೆಚ್ಚಾದರೆ ಹರವು ಏಕಮುಖವಾಗಿ ಹೆಚ್ಚುತ್ತದೆಯೇ ಅಥವಾ ಇಳಿಯುತ್ತದೆಯೇ' ಎಂದು ನಾವೇ ಕೇಳಿದೆವು, ಅದಕ್ಕೆ ಸರಿಯಾಗಿ ಉತ್ತರಿಸಿತು. ಸ್ಟ್ಯಾಂಡರ್ಡ್ ಎರರ್ ಕೇಳುವ ಪ್ರಶ್ನೆ ಬೇರೆ: 'x ಸರಾಸರಿಯಿಂದ ದೂರ ಹೋದಾಗ, ಯಾವ ಕಡೆಗಾದರೂ ಸರಿ, ಹರವು ಬದಲಾಗುತ್ತದೆಯೇ?'

ವೈಟ್ ಟೆಸ್ಟ್ ಈ ಪ್ರಶ್ನೆಗೆ ಹತ್ತಿರ. ಅದರಲ್ಲಿ ಎರಡನೆಯ ರಿಗ್ರೆಷನ್ನಿಗೆ x ಜೊತೆ x² ಕೂಡ ಹೋಗುತ್ತದೆ. ಡಮರುವಿನಲ್ಲಿ ಅಂಕಿ 10.28, ಪಿ ಮೌಲ್ಯ 0.006. ಮೃದಂಗದಲ್ಲಿ 8.77, ಪಿ ಮೌಲ್ಯ 0.012. ಎರಡೂ ಸಿಕ್ಕಿಬಿದ್ದವು. ಆದರೆ ಆಲಿಕೆಯಲ್ಲೂ 10.30, ಪಿ ಮೌಲ್ಯ 0.006. ಡಮರುವಿಗೂ ಆಲಿಕೆಗೂ ಪಿ ಮೌಲ್ಯ ಒಂದೇ, ಸ್ಲೋಪಿಗೆ ಆದ ಹಾನಿ ಮಾತ್ರ ಅಜಗಜಾಂತರ. ವ್ಯತ್ಯಾಸ ಅಡಗಿರುವುದು ಎರಡನೆಯ ರಿಗ್ರೆಷನ್ನಿನ x² ಗುಣಾಂಕದಲ್ಲಿ. ಆಲಿಕೆಯಲ್ಲಿ ಅದು 2.5, ಡಮರುವಿನಲ್ಲಿ ಸುಮಾರು 12, ಮೃದಂಗದಲ್ಲಿ ಸುಮಾರು −11.6. ಧನವಾದರೆ ಮಾಮೂಲಿ ಸ್ಟ್ಯಾಂಡರ್ಡ್ ಎರರ್ ಸಣ್ಣದಾಯಿತು ಎಂದರ್ಥ, ಋಣವಾದರೆ ದೊಡ್ಡದಾಯಿತು ಎಂದರ್ಥ. ನನ್ನನ್ನು ಕೇಳಿದರೆ ಪಿ ಮೌಲ್ಯಕ್ಕಿಂತ ಈ ಗುಣಾಂಕವನ್ನು ನೋಡುವುದೇ ಜಾಸ್ತಿ ಉಪಯೋಗ.

ಹಾಗಾದರೆ ಯಾವಾಗಲೂ ವೈಟ್ ಟೆಸ್ಟೇ ಸರಿಯಾ? x ಒಂದೋ ಎರಡೋ ಇದ್ದರೆ ಹೌದು. ಚಲಕಗಳು ಹತ್ತು ಆದಾಗ ಅದು ಹತ್ತು ಮೂಲ ಪದ, ಹತ್ತು ವರ್ಗ, 45 ಜೋಡಿ ಗುಣಲಬ್ಧ ಕೇಳುತ್ತದೆ, ಒಟ್ಟು 65. ಸಾಲುಗಳು ನೂರೇ ಇದ್ದರೆ ಟೆಸ್ಟಿಗೆ ಶಕ್ತಿಯೇ ಉಳಿಯುವುದಿಲ್ಲ. ಆಗ ಒಂದು ಅಡ್ಡದಾರಿ ಇದೆ. ಎಲ್ಲ ಚಲಕಗಳ ಬದಲು ಗೆರೆ ಹೇಳಿದ y ಮತ್ತು ಅದರ ವರ್ಗ, ಇವೆರಡನ್ನು ಮಾತ್ರ ಹಾಕುವುದು. ಎರಡೇ ಪದ. ಹರವು y ಮಟ್ಟದ ಜೊತೆ ಬದಲಾಗುವ ಡೇಟಾದಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಯಾವುದೋ ಒಂದು ಚಲಕದ ಜೊತೆ ಮಾತ್ರ ಬದಲಾದರೆ ತಪ್ಪಿಸಿಕೊಳ್ಳಲೂಬಹುದು.

ನಿಮಗೆ ಒಂದೇ ಒಂದು ಗುಣಾಂಕದ ಮೇಲೆ ಕಣ್ಣಿದ್ದರೆ ಇನ್ನೂ ನೇರವಾದ ದಾರಿ ಉಂಟು. ಆ ಚಲಕವನ್ನು ಮಿಕ್ಕ ಚಲಕಗಳ ಮೇಲೆ ರಿಗ್ರೆಸ್ ಮಾಡಿ. ಅದರ ಉಳಿಕೆಯೇ ನಿಮ್ಮ `d`. ಈಗ `d²` ಎದುರಿಗೆ `e²` ಚಿತ್ರ ಬರೆಯಿರಿ. ಮೇಲಕ್ಕೆ ವಾಲಿದರೆ ಡಮರು, ಕೆಳಕ್ಕೆ ವಾಲಿದರೆ ಮೃದಂಗ, ಚಪ್ಪಟೆ ಇದ್ದರೆ ಆ ಗುಣಾಂಕದ ಮಟ್ಟಿಗೆ ಚಿಂತೆ ಇಲ್ಲ.

ಒಂದೇ ಡೇಟಾ, ಎರಡು ಉತ್ತರ

ಗೆಳೆಯರೊಬ್ಬರು ಸ್ಟೇಟಾದಲ್ಲಿ, ನಾನು ಆರ್‌ನಲ್ಲಿ, ಒಂದೇ ಫೈಲಿನ ಮೇಲೆ ಬ್ರೂಷ್–ಪೇಗನ್ ಮಾಡಿದ್ದೆವು. ಅಂಕಿ ಹೊಂದಲಿಲ್ಲ. ಯಾರ ಡೇಟಾ ಕೆಟ್ಟಿದೆ ಎಂದು ಅರ್ಧ ದಿನ ಸಾಲು ಸಾಲು ಹೋಲಿಸಿದೆವು. ಡೇಟಾ ಸರಿಯಾಗಿಯೇ ಇತ್ತು. ಡಿಫಾಲ್ಟ್ ಬೇರೆ ಬೇರೆ, ಅಷ್ಟೇ.

ಆರ್‌ನ `bptest` ಮತ್ತು ಪೈಥಾನಿನ `het_breuschpagan` ಹೇಳದೆಯೇ ಕೋಂಕರ್ ರೂಪ ಕೊಡುತ್ತವೆ. ಸ್ಟೇಟಾದ `estat hettest` 1979ರ ಮೂಲ ರೂಪ ಕೊಡುತ್ತದೆ. ಮೂಲ ರೂಪ ಉಳಿಕೆಗಳು ನಾರ್ಮಲ್ ಹಂಚಿಕೆಯಿಂದ ಬಂದಿವೆ ಎಂದು ನಂಬುತ್ತದೆ. ನಮ್ಮ ಆಲಿಕೆಯಲ್ಲಿ ಮೂಲ ರೂಪ 5.95 ಕೊಡುತ್ತದೆ, ಕೋಂಕರ್ 9.91. ಇಲ್ಲಿ ಉಳಿಕೆಗಳ ಬಾಲ ನಾರ್ಮಲ್‌ಗಿಂತ ಗಿಡ್ಡ, ಹಾಗಾಗಿ ಮೂಲ ರೂಪ ಮೆತ್ತಗಾಯಿತು. ನಿಜ ಡೇಟಾದಲ್ಲಿ ಜಾಸ್ತಿ ಕಾಣುವುದು ಇದರ ಉಲ್ಟಾ. ಬಾಲ ಉದ್ದ ಇರುತ್ತದೆ, ಆಗ ಮೂಲ ರೂಪ ಹರವು ಸಮ ಇದ್ದರೂ ಸುಳ್ಳೇ ಎಚ್ಚರಿಸುತ್ತದೆ. ಕೋಂಕರ್ ರೂಪಕ್ಕೆ ಈ ನಂಬಿಕೆ ಬೇಡ. ಸ್ಟೇಟಾದಲ್ಲಿ ಅದು ಬೇಕಾದರೆ `estat hettest, iid` ಎನ್ನಬೇಕು, ವೈಟ್ ಬೇಕಾದರೆ `estat imtest, white`. ಮೂಲ ರೂಪವನ್ನು ಆರಿಸಿಕೊಳ್ಳಲು ನನಗೆ ಈಗ ಯಾವ ಕಾರಣವೂ ಕಾಣುವುದಿಲ್ಲ.

HC0, HC1, HC3: ಯಾವುದು ಯಾರಿಗೆ

HC0 ಸೂತ್ರದಲ್ಲಿ ಒಂದು ಸಣ್ಣ ಮೋಸ ಇದೆ. ತುದಿಯ ಬಿಂದುಗಳು ಗೆರೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಎಳೆದುಕೊಂಡ ಮೇಲೆ ಅವುಗಳ ಉಳಿಕೆ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ತೂಕ ಜಾಸ್ತಿ ಇರುವುದೂ ಆ ಬಿಂದುಗಳಿಗೇ. ಹೀಗಾಗಿ ಸಣ್ಣ ಡೇಟಾದಲ್ಲಿ HC0 ಸ್ಟ್ಯಾಂಡರ್ಡ್ ಎರರನ್ನು ಕಡಿಮೆ ಹೇಳುತ್ತದೆ.

HC1 ಇದಕ್ಕೆ ಒರಟಾದ ಪರಿಹಾರ. ಇಡೀ ವೇರಿಯನ್ಸನ್ನು `n/(n-k)` ಇಂದ ಗುಣಿಸುತ್ತದೆ, ನಮ್ಮಲ್ಲಿ 20/18. ಯಾವ ಬಿಂದು ಎಷ್ಟು ಎಳೆದಿದೆ ಎಂದು ಅದು ವಿಚಾರಿಸುವುದಿಲ್ಲ. HC3 ವಿಚಾರಿಸುತ್ತದೆ. ಪ್ರತಿ ಬಿಂದುವಿನ ಎಳೆತಕ್ಕೆ ಲೆವೆರೇಜ್ ಎಂಬ ಅಳತೆ ಇದೆ, `h`. ನಮ್ಮ ಡೇಟಾದಲ್ಲಿ ತುದಿಯ ಬಿಂದುಗಳಿಗೆ ಅದು 0.15, ನಡುವಿನದಕ್ಕೆ 0.05. HC3 ಪ್ರತಿ ಉಳಿಕೆಯನ್ನೂ `1 − h` ಇಂದ ಭಾಗಿಸಿ ಆಮೇಲೆ ವರ್ಗ ಮಾಡುತ್ತದೆ. ಹಾಗೆ ಭಾಗಿಸಿದಾಗ ಸಿಗುವುದು ಏನು ಗೊತ್ತಾ? ಆ ಬಿಂದುವನ್ನು ಬಿಟ್ಟು ಗೆರೆ ಎಳೆದಿದ್ದರೆ ಅದು ಗೆರೆಯಿಂದ ಎಷ್ಟು ದೂರ ಇರುತ್ತಿತ್ತೋ ಸರಿಯಾಗಿ ಅಷ್ಟು. ಎಳೆಯುವ ಮೊದಲಿನ ಉಳಿಕೆ ಎನ್ನಬಹುದು. HC2 ಇವೆರಡರ ನಡುವಿನದು. `1 − h` ಇಂದ ವರ್ಗವಾದ ಮೇಲೆ ಒಮ್ಮೆ ಮಾತ್ರ ಭಾಗಿಸುತ್ತದೆ.

ಸ್ಲೋಪಿನ ಸ್ಟ್ಯಾಂಡರ್ಡ್ ಎರರ್ ನಾಲ್ಕು ಥರ:

| ಆಕಾರ | ಮಾಮೂಲಿ | HC0 | HC1 | HC3 |
|---|---|---|---|---|
| ಆಲಿಕೆ | 0.87 | 0.88 | 0.93 | 1.02 |
| ಡಮರು | 0.87 | 1.05 | 1.11 | 1.23 |
| ಮೃದಂಗ | 0.87 | 0.53 | 0.56 | 0.60 |

ಡಮರುವಿನ ಸಾಲು ನೋಡಿ. ಮಾಮೂಲಿಯಲ್ಲಿ ಪಿ ಮೌಲ್ಯ 0.010 ಇತ್ತು. HC1 ಹಾಕಿದರೆ 0.037. HC3 ಹಾಕಿದರೆ 0.057. ಬ್ರೂಷ್–ಪೇಗನ್ 'ಏನೂ ಇಲ್ಲ' ಎಂದಿದ್ದನ್ನು ನಂಬಿ ಮಾಮೂಲಿಯಲ್ಲೇ ಉಳಿದಿದ್ದರೆ, ಇದ್ದಕ್ಕಿಂತ ಎಷ್ಟೋ ಗಟ್ಟಿಯಾದ ಫಲಿತಾಂಶ ಬರೆದು ಕಳಿಸುತ್ತಿದ್ದೆವು.

HC3 ಸ್ವಲ್ಪ ಹೆದರಿಕೆಯ ಸ್ವಭಾವದ್ದು ಎನ್ನುವುದನ್ನೂ ಹೇಳಬೇಕು. ಇದೇ ಮೊತ್ತದ ಹರವನ್ನು ಐದೂ ದೂರಕ್ಕೆ ಸಮನಾಗಿ ಹಂಚಿ ಲೆಕ್ಕ ಹಾಕಿದೆ. ಆಗಲೂ HC3 0.96 ಕೊಟ್ಟಿತು, ಮಾಮೂಲಿ 0.87 ಎದುರಿಗೆ. ಅಂದರೆ ಆಲಿಕೆಯ 1.02ರಲ್ಲಿ ಹೆಚ್ಚಿನ ಪಾಲು ಸಣ್ಣ ಡೇಟಾದ ಎಚ್ಚರಿಕೆಯದ್ದು, ಆಲಿಕೆಯದ್ದಲ್ಲ. ಸಾಲುಗಳು ಸಾವಿರ ದಾಟಿ, ಯಾವ ಬಿಂದುವಿನ ಲೆವೆರೇಜೂ ದೊಡ್ಡದಿಲ್ಲದಿದ್ದರೆ ನಾಲ್ಕು ರೋಬಸ್ಟ್ ಅಂಕಿಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯಾವುದು ಹಾಕಿದರೂ ನಡೆಯುತ್ತದೆ. ಇನ್ನೂರು ಮುನ್ನೂರರ ಕೆಳಗೆ ಇದ್ದರೆ ನಾನು HC3 ಬಿಟ್ಟು ಬೇರೆ ಹಾಕುವುದಿಲ್ಲ. 2000ದಲ್ಲಿ ಲಾಂಗ್ ಮತ್ತು ಎರ್ವಿನ್ ಎಂಬಿಬ್ಬರು ಸಿಮ್ಯುಲೇಷನ್ ಮಾಡಿ, 250ಕ್ಕಿಂತ ಕಡಿಮೆ ಸಾಲಿದ್ದರೆ HC3 ಹಾಕಿ ಎಂದರು. ಹಾಕಬೇಕೋ ಬೇಡವೋ ಎನ್ನುವುದನ್ನು ಟೆಸ್ಟ್ ನೋಡಿ ತೀರ್ಮಾನಿಸಬೇಡಿ ಎಂದೂ ಅವರೇ ಹೇಳಿದರು. ನಮ್ಮ ಡಮರು ಆ ಎರಡನೆಯ ಮಾತಿಗೆ ಸಾಕ್ಷಿ.

ಡಿಫಾಲ್ಟ್ ಬಗ್ಗೆ ಇಲ್ಲೂ ಎಚ್ಚರ. ಸ್ಟೇಟಾದಲ್ಲಿ `vce(robust)` ಎಂದರೆ HC1, HC3 ಬೇಕಾದರೆ `vce(hc3)`. ಆರ್‌ನ `vcovHC` ಏನೂ ಹೇಳದಿದ್ದರೆ HC3. ಪೈಥಾನಿನ ಸ್ಟಾಟ್ಸ್‌ಮಾಡೆಲ್ಸ್‌ನಲ್ಲಿ `cov_type="HC3"` ಎಂದರೆ HC3 ಸಿಗುತ್ತದೆ, ಆದರೆ ಪಿ ಮೌಲ್ಯವನ್ನು ಟಿ ಪಟ್ಟಿಯಿಂದ ತೆಗೆಯುವ ಬದಲು ನಾರ್ಮಲ್ ಪಟ್ಟಿಯಿಂದ ತೆಗೆಯುತ್ತದೆ. ಡಮರುವಿನಲ್ಲಿ ಇದರಿಂದ 0.057 ಇದ್ದದ್ದು 0.042 ಆಗಿಬಿಡುತ್ತದೆ. ಜೊತೆಗೆ `use_t=True` ಎಂದು ಬರೆದರೆ ಸರಿಹೋಗುತ್ತದೆ.

ನೀವೇ ಮಾಡಿ ನೋಡಲು, ಆರ್‌ನಲ್ಲಿ ಡಮರು:

```r
library(lmtest); library(sandwich)
x <- rep(1:5, each = 4)
e <- rep(c(4, 2, 1, 3, 5), each = 4) * c(1, -1, 2, -2)
y <- 10 + 2.5 * x + e
m <- lm(y ~ x)
bptest(m)
bptest(m, ~ x + I(x^2))
coeftest(m, vcov = vcovHC(m, type = "HC3"))
```

ಮೊದಲ `bptest` ಬ್ರೂಷ್–ಪೇಗನ್, ಎರಡನೆಯದು ವೈಟ್. ಮೂರನೆಯ ಸಾಲಿನ ಐದು ಅಳತೆಗಳನ್ನು ಬದಲಿಸಿದರೆ ಆಲಿಕೆ, ಮೃದಂಗ ಎರಡೂ ಸಿಗುತ್ತವೆ.

ತೂಕ ಹಾಕಿದ ರಿಗ್ರೆಷನ್ ಬೇಡವೇ?

ಹಳೆಯ ದಾರಿ ಒಂದಿದೆ. ಎಲ್ಲಿ ಹರವು ಜಾಸ್ತಿಯೋ ಅಲ್ಲಿನ ಬಿಂದುಗಳಿಗೆ ಕಡಿಮೆ ತೂಕ ಕೊಟ್ಟು ಗೆರೆಯನ್ನೇ ಹೊಸದಾಗಿ ಎಳೆಯುವುದು. ರೋಬಸ್ಟ್ ದಾರಿ ಗೆರೆಯನ್ನು ಮುಟ್ಟದೆ ಸ್ಟ್ಯಾಂಡರ್ಡ್ ಎರರ್ ಮಾತ್ರ ಸರಿಮಾಡುತ್ತದೆ. ತೂಕದ ದಾರಿ ಗೆರೆಯನ್ನೂ ಚೂಪುಮಾಡುತ್ತದೆ. ಆಲಿಕೆಯಲ್ಲಿ ನಿಜವಾದ ತೂಕ ನನಗೆ ಗೊತ್ತು, ಯಾಕೆಂದರೆ ಡೇಟಾ ಮಾಡಿದವನೇ ನಾನು. ಅದನ್ನು ಹಾಕಿದರೆ ಸ್ಲೋಪ್ ಅದೇ 2.5, ಸ್ಟ್ಯಾಂಡರ್ಡ್ ಎರರ್ 0.70. ಮಾಮೂಲಿ 0.87, HC3 1.02 ಇದ್ದ ಜಾಗದಲ್ಲಿ 0.70 ಅಂದರೆ ಸಣ್ಣ ಲಾಭವಲ್ಲ.

ಆದರೆ ನಿಜ ಕೆಲಸದಲ್ಲಿ ತೂಕ ಯಾರು ಹೇಳುತ್ತಾರೆ? ಒಂದು ಸಂದರ್ಭದಲ್ಲಿ ಡೇಟಾವೇ ಹೇಳುತ್ತದೆ. ಪ್ರತಿ ಸಾಲೂ ಒಂದು ಗುಂಪಿನ ಸರಾಸರಿಯಾಗಿದ್ದು, ಗುಂಪಿನಲ್ಲಿ ಎಷ್ಟು ಜನ ಎಂಬ ಲೆಕ್ಕವಿದ್ದರೆ, ದೊಡ್ಡ ಗುಂಪಿನ ಸರಾಸರಿ ಕಡಿಮೆ ಅಲುಗುತ್ತದೆ ಎನ್ನುವುದು ಮೊದಲೇ ಗೊತ್ತು. ಅಲ್ಲಿ ತೂಕ ಹಾಕಿ. ಮಿಕ್ಕ ಕಡೆ ತೂಕ ಬರೀ ಊಹೆ. ಊಹೆ ತಪ್ಪಿದರೆ ತೂಕದ ಗೆರೆಯ ಸ್ಟ್ಯಾಂಡರ್ಡ್ ಎರರೂ ತಪ್ಪು. ಅದಕ್ಕೇ ತೂಕ ಹಾಕಿದಾಗಲೂ ಮೇಲಿಂದ HC3 ಹಾಕುವುದು ನನ್ನ ರೂಢಿ. ಊಹೆ ಅರ್ಧ ಸರಿ ಇದ್ದರೂ ಗೆರೆ ಚೂಪಾಗುತ್ತದೆ, ಅಂಕಿ ಸುಳ್ಳಾಗುವುದಿಲ್ಲ.

ರೋಬಸ್ಟ್ ಕೈ ಕೊಡುವ ಜಾಗಗಳು

ಮೊದಲನೆಯದು ಬಾಗಿದ ಡೇಟಾ. ನಿಜ ಸಂಬಂಧ ಬಾಗಿದ್ದು ನೀವು ನೇರ ಗೆರೆ ಎಳೆದರೆ, ಉಳಿಕೆಗಳು ತುದಿಗಳಲ್ಲೂ ನಡುವೆಯೂ ದೊಡ್ಡದಾಗುತ್ತವೆ. ವೈಟ್ ಟೆಸ್ಟ್ ಇದನ್ನು ಅಸಮ ಹರವು ಎಂದೇ ಓದುತ್ತದೆ. ಗುರುತಿಸುವುದು ಸುಲಭ. ಉಳಿಕೆಗಳ ಚಿಹ್ನೆ ನೋಡಿ. ಎಡಗಡೆ ಎಲ್ಲ ಧನ, ನಡುವೆ ಎಲ್ಲ ಋಣ, ಬಲಗಡೆ ಮತ್ತೆ ಎಲ್ಲ ಧನ ಎಂದರೆ ಅದು ಹರವಲ್ಲ, ಬಾಗು. ನಮ್ಮ ಡೇಟಾದಲ್ಲಿ ಪ್ರತಿ ದೂರದಲ್ಲೂ ಎರಡು ಧನ, ಎರಡು ಋಣ ಇದ್ದವು. ಬಾಗಿಗೆ ಔಷಧ x² ಸೇರಿಸುವುದು ಅಥವಾ ಲಾಗ್ ತೆಗೆದುಕೊಳ್ಳುವುದು. ಅಲ್ಲಿ HC3 ಹಾಕಿದರೆ ತಪ್ಪು ಗೆರೆಗೆ ಸರಿಯಾದ ಸ್ಟ್ಯಾಂಡರ್ಡ್ ಎರರ್ ಸಿಗುತ್ತದೆ, ಅಷ್ಟೇ.

ಎರಡನೆಯದು ಚಿಕ್ಕ ಗುಂಪು. ಐವತ್ತು ಸಾಲಿನಲ್ಲಿ ಮೂರೇ ಸುತ್ತು ರಾತ್ರಿಯವು, ರಾತ್ರಿಗೆ ಒಂದು 0/1 ಚಲಕ ಇಟ್ಟಿದ್ದೀರಿ ಎಂದುಕೊಳ್ಳಿ. ಬೇರೆ ಚಲಕ ಇಲ್ಲದಿದ್ದರೆ ಆ ಮೂರರ ಲೆವೆರೇಜ್ ತಲಾ ಮೂರನೇ ಒಂದು. ರಾತ್ರಿಯ ಹರವನ್ನು ರೋಬಸ್ಟ್ ಸೂತ್ರ ಆ ಮೂರೇ ಉಳಿಕೆಗಳಿಂದ ಅಳೆಯಬೇಕು. ಬಂದ ಅಂಕಿ ಒಂದು ಸಲ ಬಹಳ ಸಣ್ಣದು, ಇನ್ನೊಂದು ಸಲ ಬಹಳ ದೊಡ್ಡದು. ರಾತ್ರಿಯ ಸುತ್ತು ಒಂದೇ ಆದರೆ ಇನ್ನೂ ವಿಚಿತ್ರ. ಗೆರೆ ಆ ಬಿಂದುವಿನ ಮೇಲೆಯೇ ಹಾದುಹೋಗುತ್ತದೆ, ಉಳಿಕೆ ಸೊನ್ನೆ, ಲೆವೆರೇಜ್ 1. HC3 ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಕೈಚೆಲ್ಲುತ್ತದೆ. HC1 ತಕರಾರಿಲ್ಲದೆ ಒಂದು ಪುಟ್ಟ ಸ್ಟ್ಯಾಂಡರ್ಡ್ ಎರರ್ ಕೊಡುತ್ತದೆ, ಇಡೀ ಮಾದರಿಯಲ್ಲಿ ಅತಿ ಖಚಿತವಾದದ್ದು ಆ ಒಂದೇ ಸುತ್ತು ಎನ್ನುವ ಹಾಗೆ. ರೋಬಸ್ಟ್ ಅಂಕಿ ಎಲ್ಲೋ ಅನುಮಾನ ಬರುವಷ್ಟು ಸಣ್ಣದಾಗಿದ್ದರೆ ನಾನು ಮೊದಲು ಲೆವೆರೇಜ್ ಪಟ್ಟಿ ತೆಗೆದು ನೋಡುತ್ತೇನೆ.

ಮೂರನೆಯದು ಒಂದಕ್ಕೊಂದು ಅಂಟಿಕೊಂಡ ಸಾಲುಗಳು. ಪ್ರತಿ ದೂರದ ನಾಲ್ಕು ಸುತ್ತೂ ಒಂದೇ ಮಳೆಯ ದಿನ ನಡೆದಿದ್ದರೆ ಅವು ನಾಲ್ಕು ಬೇರೆ ಬೇರೆ ಸಾಕ್ಷಿಗಳಲ್ಲ. HC ಸರಣಿಯ ಯಾವ ಸೂತ್ರಕ್ಕೂ ಇದು ಕಾಣುವುದಿಲ್ಲ. ಅದಕ್ಕೆ ಕ್ಲಸ್ಟರ್ ಸ್ಟ್ಯಾಂಡರ್ಡ್ ಎರರ್ ಬೇಕು. ಅದರ ತಾಪತ್ರಯಗಳೇ ಬೇರೆ.

ಕೊನೆಯದು ಮುನ್ಸೂಚನೆ. ಆಲಿಕೆಯಲ್ಲಿ ಸ್ಲೋಪಿಗೆ ಏನೂ ಆಗಲಿಲ್ಲ ಎಂದೆ. ಈಗ ಅದೇ ಮಾದರಿಯಿಂದ 1 ಕಿಲೋಮೀಟರಿನ ಹೊಸ ಪಾರ್ಸೆಲ್ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿ. ಉತ್ತರ 12.5 ನಿಮಿಷ, 95% ಅಂತರ ಸುಮಾರು ಸೊನ್ನೆಯಿಂದ 25 ನಿಮಿಷ. ಆ ದೂರದ ನಾಲ್ಕೂ ಸುತ್ತು ನಿಜವಾಗಿ ಮುಗಿದದ್ದು ಹತ್ತೂವರೆಯಿಂದ ಹದಿನಾಲ್ಕೂವರೆ ನಿಮಿಷದ ಒಳಗೆ. 5 ಕಿಲೋಮೀಟರಿಗೆ ಕೇಳಿದರೆ ಅಂತರದ ಅಗಲ ಅಷ್ಟೇ, 10ರಿಂದ 35. ಅಲ್ಲಿ ನಾಲ್ಕೇ ಸುತ್ತಿನಲ್ಲಿ ಎರಡು ಹತ್ತು ಹತ್ತು ನಿಮಿಷ ಓಲಾಡಿದ್ದವು, ಅಷ್ಟು ಹರವಿಗೆ 95% ಎನ್ನಲು ಆ ಅಂತರ ಸಾಲದು. ಇದನ್ನು HC3 ತಿದ್ದುವುದಿಲ್ಲ, ಯಾಕೆಂದರೆ ಇಲ್ಲಿ ಬೇಕಾದದ್ದು ಸ್ಲೋಪಿನ ಅನುಮಾನವಲ್ಲ, ಆಯಾ ದೂರದ ಹರವು. ಗ್ರಾಹಕರಿಗೆ ಸಮಯ ಹೇಳುವುದೇ ನಿಮ್ಮ ಕೆಲಸವಾದರೆ ತೂಕದ ರಿಗ್ರೆಷನ್ ಅಥವಾ ಕ್ವಾಂಟೈಲ್ ರಿಗ್ರೆಷನ್ ಕಡೆಗೇ ಹೋಗಬೇಕು.